ಬರ್ತೀನಿ ಅನ್ನದೆ ಬಂದವಳು

ಮುತ್ತುಕನಿ ತೀರಿಕೊಂಡು ತಿಂಗಳಾಗುತ್ತ ಬಂದರೂ ಇಸಕ್ಕಿಯಮ್ಮಾಳಿನ ಫೋನಿನಲ್ಲಿ ಅವಳ ಹೆಸರು ಹಾಗೇ ಇತ್ತು. ಹೆಸರಿನ ಪಕ್ಕ ಒಂದು ದುಂಡನೆಯ ಪುಟ್ಟ ಪಟ. ಅದರಲ್ಲಿ ಮುತ್ತುಕನಿ ಹಸಿರು ಸೀರೆ ಉಟ್ಟು, ಸ್ಟುಡಿಯೋದವರ ಬಣ್ಣದ ಅರಮನೆಯ ಮುಂದೆ, ಯಾರೋ ಗದರಿಸಿ ನಿಲ್ಲಿಸಿದಂತೆ ನಿಂತಿದ್ದಳು. ಮುತ್ತುಕನಿಯ ಫೋನು ಈಗ ಅವಳ ಮಗಳು ಶೆಂಬಗವಲ್ಲಿಯ ಕೈಯಲ್ಲಿತ್ತು. ಹದಿನಾರು ವರ್ಷದ ಹುಡುಗಿ, ಹನ್ನೊಂದನೇ ತರಗತಿ. ಅವಳಿಂದ ಮೆಸೇಜು ಬಂದಾಗಲೆಲ್ಲ ಇಸಕ್ಕಿಯ ಫೋನಿನ ಮೇಲೆ ‘ಮುತ್ತುಕನಿ’ ಎಂದು ಬೆಳಗುತ್ತಿತ್ತು. ಪ್ರತಿ ಸಲವೂ ಇಸಕ್ಕಿಗೆ ಎದೆ ಒಂದು ಮೆಟ್ಟಿಲು ತಪ್ಪಿದಂತಾಗುತ್ತಿತ್ತು.

ಇಸಕ್ಕಿಯೂ ಮುತ್ತುಕನಿಯೂ ಕೋವಿಲ್‌ಪಟ್ಟಿಯ ಒಂದು ಕಡಲೆಮಿಠಾಯಿ ಮನೆಯಲ್ಲಿ ಹನ್ನೊಂದು ವರ್ಷ ಅಕ್ಕಪಕ್ಕ ನಿಂತು ದುಡಿದವರು. ಇಸಕ್ಕಿಗೆ ಐವತ್ತನಾಲ್ಕು, ಮುತ್ತುಕನಿಗೆ ಮೂವತ್ತೊಂಬತ್ತು. ಇಸಕ್ಕಿ ಬೆಲ್ಲದ ಪಾಕ ನೋಡುವವಳು, ಮುತ್ತುಕನಿ ತಟ್ಟೆಗೆ ಸುರಿದು ಲಟ್ಟಿಸಿ ಕತ್ತರಿಸುವವಳು. ಐಪ್ಪಸಿ ತಿಂಗಳ ಮಳೆಯಲ್ಲಿ ಮುತ್ತುಕನಿಗೆ ಜ್ವರ ಬಂತು, ಆರು ದಿನ ಇತ್ತು, ಏಳನೆಯ ದಿನ ಮುತ್ತುಕನಿ ಇರಲಿಲ್ಲ.

ಸೂತಕದ ಹದಿನಾರು ದಿನವೂ ಇಸಕ್ಕಿ ಆ ಮನೆಗೆ ಹೋಗಿ ಅಡುಗೆಗೆ ಕೈ ಹಾಕಿದಳು, ಪಾತ್ರೆ ತಿಕ್ಕಿದಳು. ಪ್ರತಿ ಸಂಜೆಯೂ ಸಾವಿನ ಮನೆಯ ರೂಢಿಯಂತೆ ಯಾರಿಗೂ ಏನೂ ಹೇಳದೆ ಎದ್ದು ಬಂದಳು. ಬೇರೆ ಯಾವ ಮನೆಯಿಂದ ಹೊರಟರೂ ‘ಬರ್ತೀನಿ’ ಅನ್ನಬೇಕು. ಸೂತಕದ ಮನೆಯಲ್ಲಿ ಮಾತ್ರ ಆ ಮಾತು ನಾಲಿಗೆಗೆ ಬರಬಾರದು. ಹಾಗಂದರೆ ಅಲ್ಲಿಗೆ ಮತ್ತೊಂದು ಸಾವಿಗೇ ಬರುವಂತಾಗುತ್ತದೆ ಎಂಬ ನಂಬಿಕೆ. ಕೊನೆಯ ದಿನ ಅವಳು ಹೊರಟಾಗ ಶೆಂಬಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಏನನ್ನೋ ಕಾಯುವವಳಂತೆ. ಇಸಕ್ಕಿ ಅವಳ ತಲೆ ಸವರಿ, ಬಾಯಿ ಬಿಗಿಹಿಡಿದು ಮೆಟ್ಟಿಲಿಳಿದಳು. ಹಿಂದಿರುಗಿ ನೋಡಲಿಲ್ಲ. ನೋಡಲೂಬಾರದು.

ಮಾರನೆಯ ದಿನ ಹುಡುಗಿಯ ಅಪ್ಪ ಅವಳನ್ನು ವಿಳಾತ್ತಿಕುಳಂ ಕಡೆಯ ತನ್ನ ತಾಯಿಯ ಊರಿಗೆ, ಹುಡುಗಿ ಆಚ್ಚಿ ಎಂದು ಕರೆಯುವ ಅಜ್ಜಿಯ ಹತ್ತಿರ, ಬಿಟ್ಟು ಬಂದ. ಅವನು ಲಾರಿ ಡ್ರೈವರು, ವಾರಕ್ಕೆ ನಾಲ್ಕು ದಿನ ದಾರಿಯಲ್ಲೇ ಇರುವವನು. ಇನ್ನೇನು ಮಾಡಿಯಾನು?

ಅಲ್ಲಿಂದ ಮೆಸೇಜು ಶುರುವಾಯಿತು. ಶುರುವಾದದ್ದೇ ತಪ್ಪಿನಿಂದ.

ಇಸಕ್ಕಿ ಐದನೇ ತರಗತಿಯವರೆಗೆ ಓದಿದವಳು. ಅಕ್ಷರ ಒತ್ತುವುದಕ್ಕಿಂತ ಮಾತಾಡಿ ಕಳಿಸುವುದು ಸಲೀಸು. ಮುತ್ತುಕನಿಗೆ ಅವಳು ಕಳಿಸುತ್ತಿದ್ದುದು ಒಂದೆರಡು ಬಿಟ್ಟರೆ ಎಲ್ಲ ದನಿಯ ಮೆಸೇಜುಗಳೇ. ಹಾಗೇ ಮಗಳಿಗೂ ಒಂದು ಕಳಿಸಿದಳು. ಅರ್ಧ ಮಾತು, ಅರ್ಧ ಅಳು, ಒಟ್ಟು ಮೂರು ನಿಮಿಷ. ಎರಡು ದಿನವಾದರೂ ಹುಡುಗಿ ಅದನ್ನು ಕೇಳಲಿಲ್ಲ. ಆಮೇಲೆ ಬರೆದಳು: “ಪೆರಿಯಮ್ಮ, ಮನೆ ತುಂಬ ಜನ. ದನಿ ಹಾಕಿದ್ರೆ ಎಲ್ರೂ ಕೇಳ್ತಾರೆ.”

ಇಸಕ್ಕಿಗೆ ನಾಚಿಕೆಯಾಯಿತು. ದೊಡ್ಡಮ್ಮನ ಗೋಳನ್ನು ಆ ಮಗು ನೆಂಟರ ನಡುವೆ ಕೂತು ಹೇಗೆ ಕೇಳಬೇಕಿತ್ತು? ಆವತ್ತಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುವುದನ್ನು ರೂಢಿ ಮಾಡಿಕೊಂಡಳು. ಒಂದು ಸಾಲಿಗೆ ಕಾಲು ಗಂಟೆ.

“ಏನಕ್ಕಾ ಇದು, ಕೋಳಿ ಕಾಳು ಹೆಕ್ಕಿದ ಹಾಗೆ ಕುಕ್ತಾ ಇದೀಯಾ?” ಅಂದಳು ಪೇಚ್ಚಿ. ಮುತ್ತುಕನಿಯ ಜಾಗಕ್ಕೆ ಬಂದು ಈಗ ತಟ್ಟೆ ಲಟ್ಟಿಸುವವಳು ಅವಳು. “ಒಳ್ಳೇ ಮಾತು ಬರೆದಿರೋ ಪಟ ನನ್ನ ಹತ್ರ ನೂರಿದೆ. ದೀಪ ಇದೆ, ಗುಲಾಬಿ ಇದೆ. ಕಳಿಸ್ಲಾ?”

ಒಂದು ಕಳಿಸಿಯೂ ನೋಡಿದರು. ದೀಪದ ಪಟ. ಅದರ ಕೆಳಗೆ ಇಸಕ್ಕಿ ತಾನೇ ಸೇರಿಸಿದಳು: “ಧೈರ್ಯವಾಗಿರು ತಾಯಿ. ಇನ್ಮೇಲೆ ಅಪ್ಪನ್ನ ನೋಡ್ಕೊಳ್ಳೋಳು ನೀನೇ.” ಓದಿದ ಗುರುತಿನ ಎರಡು ಗೀಟು ನೀಲಿಯಾದವು. ಉತ್ತರವಿಲ್ಲ. ಆ ರಾತ್ರಿ ಅನ್ನ ಕಲಸುವಾಗ ಇಸಕ್ಕಿಗೆ ತನ್ನ ಹನ್ನೆರಡನೇ ವಯಸ್ಸು ನೆನಪಾಯಿತು. ತನ್ನ ತಾಯಿ ಸತ್ತಾಗ ಊರಿಗೆ ಊರೇ ಬಂದು ಇದೇ ಮಾತು ಹೇಳಿತ್ತು. ಒಬ್ಬೊಬ್ಬರು ಹಾಗೆ ಹೇಳಿದಾಗಲೂ ತಲೆಯ ಮೇಲೆ ಒಂದೊಂದು ಕೊಡ ಇಟ್ಟ ಹಾಗಾಗಿತ್ತು. ಅದನ್ನು ತಿಳಿದೂ ತಿಳಿದೂ ತಾನು ಈ ಹುಡುಗಿಯ ತಲೆಯ ಮೇಲೆ ಇಟ್ಟೆನಲ್ಲ!

ಆಮೇಲೆ ದಿನಾ “ಊಟ ಆಯ್ತಾ?” ಎಂದು ಕೇಳಿದಳು. “ಆಯ್ತು” ಎಂದು ಬರುತ್ತಿತ್ತು. “ಸ್ಕೂಲಿಗೆ ಹೋದ್ಯಾ?” “ಹೂಂ.” ಒಂದು ವಾರ ಹೀಗೆ ನಡೆದ ಮೇಲೆ ಇಸಕ್ಕಿಗೇ ಬೇಸರವಾಯಿತು. ಪ್ರಶ್ನೆ ಕಳಿಸುವುದೆಂದರೆ ಹುಡುಗಿಗೆ ಒಂದು ಕೆಲಸ ಕಳಿಸಿದಂತೆ. ಉತ್ತರ ಕೊಡಲೇಬೇಕು, ಕೊಡದಿದ್ದರೆ ತಪ್ಪು ಮಾಡಿದ ಹಾಗೆ. ಹಾಗಾಗಿ ಕೇಳುವುದನ್ನು ಬಿಟ್ಟು ಹೇಳುವುದಕ್ಕೆ ತೊಡಗಿದಳು.

“ಇವತ್ತು ಪಾಕ ಒಂದು ಚಿಟಿಕೆ ಹೊತ್ತು ಹೆಚ್ಚು ಕುದೀತು. ಮಿಠಾಯಿ ಕಲ್ಲಾಯ್ತು. ಅಣ್ಣಾಚಿ ಒಂದು ತುಂಡು ಕಚ್ಚಿ ದವಡೆ ಹಿಡ್ಕೊಂಡು ಕೂತಿದಾರೆ. ನೀನೇನೂ ಬರೀಬೇಕಿಲ್ಲ, ಸುಮ್ನೆ ಹೇಳ್ದೆ.”

ಅಣ್ಣಾಚಿ ಎಂದರೆ ಮಾಲೀಕರು. ಆ ಮೆಸೇಜಿಗೆ ಒಂದು ನಗುವ ಮುಖ ಬಂತು. ಇಸಕ್ಕಿ ಅದನ್ನು ಪೇಚ್ಚಿಗೆ ತೋರಿಸಿದಳು, ಕಡಲೆ ಕೇರುವ ಹೆಂಗಸರಿಗೆ ತೋರಿಸಿದಳು, ಅಣ್ಣಾಚಿಗೂ ತೋರಿಸಿಬಿಟ್ಟಳು.

“ನನ್ನ ಹಲ್ಲು ಹೋದ್ರೆ ನಿಮಗೆಲ್ಲ ನಗು,” ಅಂದರು ಅಣ್ಣಾಚಿ. ಆಮೇಲೆ ಕನ್ನಡಕ ತೆಗೆದು, “ಆ ಹುಡುಗಿ ನಕ್ಕಳಲ್ಲ, ಇನ್ನೊಂದು ಹಲ್ಲೂ ಹೋಗ್ಲಿ ಬಿಡು,” ಅಂದರು.

ಹೀಗೆ ಎರಡು ದಿನಕ್ಕೊಂದು, ಮೂರು ದಿನಕ್ಕೊಂದು ಮೆಸೇಜು ಹೋಗುತ್ತಿತ್ತು. ಪುರಸೊತ್ತು ಸಿಕ್ಕಾಗ, ಒಮ್ಮೆ ಬೆಳಗ್ಗೆ, ಒಮ್ಮೆ ಮಧ್ಯಾಹ್ನ. ಮುತ್ತುಕನಿಯ ಹೆಸರನ್ನು ಅವಳು ಎಲ್ಲಿಯೂ ಬರೆಯಲಿಲ್ಲ. ಬರೆದರೆ ಗಾಯ ಕೆದಕಿದಂತಾಗುತ್ತದೆಂಬ ಅಂಜಿಕೆ. ಇನ್ನೊಂದನ್ನೂ ಬರೆಯಲಿಲ್ಲ. ಸಾಲಿನ ಕೊನೆಗೆ ಬೆರಳು ತಾನಾಗಿ ‘ಬರ್ತೀನಿ’ ಎಂದು ಒತ್ತಲು ಹೋಗುತ್ತಿತ್ತು. ಅರ್ಧ ಒತ್ತಿ ಅಳಿಸಿಬಿಡುತ್ತಿದ್ದಳು. ವರ್ಷ ತುಂಬುವ ತನಕ ಅದು ಸೂತಕದ ಮನೆಯೇ ಎಂದು ಅತ್ತೆ ಹೇಳಿಕೊಟ್ಟಿದ್ದರು. ಹುಡುಗಿ ಈಗಿರುವ ಅಜ್ಜಿಯ ಮನೆಗೂ ಅದೇ ಸೂತಕ, ಫೋನು ಇರುವುದೂ ಆ ಮನೆಯೊಳಗೇ ಅಲ್ಲವೇ?

ಮಾರ್ಗಳಿ ತಿಂಗಳು ಹುಟ್ಟಿದ ವಾರ ಹುಡುಗಿಯಿಂದ ಮೆಸೇಜು ನಿಂತಿತು. ಇಸಕ್ಕಿ ಕಳಿಸಿದ್ದಕ್ಕೆ ಗೀಟು ನೀಲಿಯಾಗುತ್ತಿತ್ತು, ಅಷ್ಟೇ. ಮೊದಲ ದಿನ ಸುಮ್ಮನಿದ್ದಳು. ಎರಡನೆಯ ದಿನ, ಪರೀಕ್ಷೆ ಇರಬಹುದು ಅಂದುಕೊಂಡಳು. ಮೂರನೆಯ ದಿನ ನೀಲಿಯೂ ಆಗಲಿಲ್ಲ. ಹುಡುಗಿ ಕೊನೆಯ ಸಲ ಫೋನು ನೋಡಿದ ಹೊತ್ತು ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಬರುತ್ತದೆ. ಇಸಕ್ಕಿ ದಿನಕ್ಕೆ ನಲವತ್ತು ಸಲ ಅದನ್ನೇ ನೋಡಿದಳು. ಪಾಕದ ಮುಂದೆ ನಿಂತವಳು ಫೋನು ನೋಡಿದರೆ ಪಾಕ ಕಾಯುತ್ತದೆಯೇ? ಒಂದು ಬಾಣಲೆ ಪಾಕ ಸೀದುಹೋಯಿತು. ಫೋನು ಮಾಡಲು ಹೆಬ್ಬೆರಳು ಎತ್ತುವಳು, ಇಳಿಸುವಳು. “ಯಾಕೆ ಉತ್ತರ ಇಲ್ಲ?” ಎಂದು ಬರೆಯುವಳು, ಅಳಿಸುವಳು. ಒತ್ತಾಯ ಮಾಡಿದರೆ ದೂರವಾದಾಳು. ಸುಮ್ಮನಿದ್ದರೆ ಬಿಟ್ಟುಬಿಟ್ಟರು ಅಂದುಕೊಂಡಾಳು.

ಐದನೆಯ ದಿನ, ಬೆಳಗಿನ ಹನ್ನೊಂದು ಗಂಟೆ. ಹುಡುಗಿ ಶಾಲೆಯಲ್ಲಿರಬೇಕಾದ ಹೊತ್ತು. ‘ಮುತ್ತುಕನಿ’ ಎಂದು ಫೋನು ಬೆಳಗಿತು.

“ಪೆರಿಯಮ್ಮ, ಸಾಕಾಗಿದೆ. ನಾಳೆ ಬೆಳಗ್ಗೆ ಎಚ್ಚರ ಆಗ್ದೆ ಇದ್ರೆ ಚೆನ್ನಾಗಿತ್ತು ಅನ್ಸತ್ತೆ.”

ಇಸಕ್ಕಿ ಒಲೆ ಆರಿಸಿದಳು. ಪೇಚ್ಚಿ ಇಣುಕಿ ಓದಿ ಬಾಯಿಗೆ ಸೆರಗು ಇಟ್ಟುಕೊಂಡಳು.

“ಅಕ್ಕಾ, ಹಾಗೆಲ್ಲ ಅನ್ಬೇಡ ಅಂತ ಬರಿ. ಅಮ್ಮನ ಆತ್ಮ ನೊಂದ್ಕೊಳ್ಳತ್ತೆ ಅಂತ ಬರಿ.”

“ಅಲ್ಲ. ಕೇಳ್ಬೇಕು.”

“ಏನ್ ಕೇಳ್ತೀಯ?”

“ಸಾಯೋ ಯೋಚನೆ ಇದೆಯಾ ಅಂತ.”

“ಅಯ್ಯೋ, ಅಕ್ಕಾ! ಇಲ್ದೇ ಇರೋದನ್ನ ನೀನೇ ತಲೆಗೆ ಹಾಕಿದ ಹಾಗಾಗಲ್ವಾ?”

ಇಸಕ್ಕಿಗೂ ಅದೇ ಭಯವಿತ್ತು. ಆದರೆ ಹೆಂಗಸರ ಸಂಘದ ಸಭೆಗೆ ಬಂದಿದ್ದ ಆರೋಗ್ಯ ಕೇಂದ್ರದ ನರ್ಸಮ್ಮ ಒಂದು ಮಾತು ಹೇಳಿದ್ದರು. ಬಾಯಿಬಿಟ್ಟು ಕೇಳಿ, ಕೇಳಿದ್ದರಿಂದ ಯಾರಿಗೂ ಹೊಸದಾಗಿ ಆ ಯೋಚನೆ ಹುಟ್ಟುವುದಿಲ್ಲ, ಸುತ್ತಿಬಳಸಿ ಕೇಳಿದರೆ ಸುತ್ತಿಬಳಸಿದ ಉತ್ತರವೇ ಸಿಗುತ್ತದೆ ಎಂದು. ಇಸಕ್ಕಿ ಬರೆದಳು. ಎಂದೂ ಇಷ್ಟು ಬೇಗ ಬರೆದಿರಲಿಲ್ಲ.

“ನನಗೆ ಹೇಳಿದ್ದು ಒಳ್ಳೇದಾಯ್ತು ತಾಯಿ. ನಾನು ಇಲ್ಲೇ ಇದೀನಿ, ಫೋನು ಕೈಯಲ್ಲೇ ಇದೆ. ನೇರವಾಗಿ ಕೇಳ್ತೀನಿ, ನಿಜ ಹೇಳು, ಬಯ್ಯಲ್ಲ. ಪ್ರಾಣ ತೆಕ್ಕೊಳ್ಳೋ ಯೋಚನೆ ಬಂದಿದೆಯಾ? ಏನಾದ್ರೂ ಮಾಡ್ಕೋಬೇಕು ಅಂತ ಇದೆಯಾ?”

ಗೀಟು ನೀಲಿಯಾಯಿತು. ‘ಬರೆಯುತ್ತಿದ್ದಾರೆ’ ಎಂದು ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ಕಡಲೆ ಕೇರುತ್ತಿದ್ದ ಹೆಂಗಸರೂ ಮೊರ ಕೆಳಗಿಟ್ಟರು.

“ಇಲ್ಲ ಪೆರಿಯಮ್ಮ. ಏನೂ ಮಾಡ್ಕೊಳ್ಳಲ್ಲ. ಎದ್ದ ತಕ್ಷಣ ಒಂದು ನಿಮಿಷ ಮರ್ತಿರ್ತೀನಿ. ಆಮೇಲೆ ಗೊತ್ತಾಗತ್ತೆ. ದಿನಾ ಹೊಸದಾಗಿ ಗೊತ್ತಾಗತ್ತೆ. ಅದಕ್ಕೇ ಏಳೋದು ಬೇಡ ಅನ್ಸತ್ತೆ.”

ಇಸಕ್ಕಿ ಅದನ್ನು ಎರಡು ಸಲ ಓದಿದಳು. ಉಸಿರು ಬಂತು. ಪೂರ್ತಿ ಬರಲಿಲ್ಲ.

“ನಂಬ್ತೀನಿ. ಈಗ ಮನೇಲಿ ಯಾರಿದಾರೆ?”

“ಆಚ್ಚಿ. ಹೊಟ್ಟೆನೋವು ಅಂತ ಹೇಳಿ ಮಲಗಿದೀನಿ.”

“ನಾನು ಬಸ್ಸು ಹತ್ಲಾ? ಹೂಂ ಅಥವಾ ಬೇಡ, ಒಂದು ಮಾತು ಸಾಕು. ಯಾವುದಂದ್ರೂ ಬೇಜಾರಿಲ್ಲ.”

“ಬೇಡ.”

“ಸರಿ, ಬರಲ್ಲ. ಆದ್ರೆ ಈ ಒಂದು ವಿಷಯ ಮಾತ್ರ ನಾನು ಗುಟ್ಟಾಗಿ ಇಟ್ಕೊಳ್ಳಲ್ಲ. ಆಚ್ಚಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ? ಎಷ್ಟು ಹೇಳ್ಬೇಕು ಅನ್ನೋದನ್ನ ನೀನೇ ಹೇಳು. ನಿಮ್ಮೂರ ಕೇಂದ್ರದ ನರ್ಸಮ್ಮನಿಗೂ ಒಂದು ಮಾತು ತಿಳಿಸ್ಬೇಕು. ಮತ್ತೆ ಹಾಗೆ ಅನ್ಸಿ, ಏನಾದ್ರೂ ಮಾಡ್ಕೊಳ್ಳೋ ಯೋಚನೆ ಬಂದ್ರೆ, ಅದೇ ಕ್ಷಣ ಆಚ್ಚಿ ಹತ್ರ ಹೋಗು, ನನಗೆ ಫೋನು ಮಾಡು. ಮೆಸೇಜು ಬೇಡ, ಫೋನೇ ಮಾಡು.”

ಇದಕ್ಕೆ ತುಂಬ ಹೊತ್ತು ಏನೂ ಬರಲಿಲ್ಲ. ಇಸಕ್ಕಿ ತಲೆ ಚಚ್ಚಿಕೊಂಡಳು. ಗುಟ್ಟು ಇಟ್ಟುಕೊಳ್ಳುವುದಿಲ್ಲ ಅಂದದ್ದಕ್ಕೆ ಹುಡುಗಿ ಬಾಗಿಲು ಹಾಕಿಕೊಂಡಳು ಅಂದುಕೊಂಡಳು. ಆದರೂ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಬಂತು.

“ನಿದ್ದೆ ಬರಲ್ಲ, ಬೆಳಗ್ಗೆ ಕಷ್ಟ ಆಗತ್ತೆ ಅಂತ ನೀವು ಆಚ್ಚಿಗೆ ಹೇಳಿ. ಉಳಿದಿದ್ದು ನಾನೇ ಹೇಳ್ತೀನಿ.” ಅದರ ಬೆನ್ನಿಗೇ ಇನ್ನೊಂದು. “ನೀವೂ ಹೋಗಿಬಿಡ್ತೀರಿ ಅಂದ್ಕೊಂಡಿದ್ದೆ.”

“ಯಾಕೆ ಹಾಗಂದ್ಕೊಂಡೆ?”

“ಆವತ್ತು ಹೊರಟಾಗ ಏನೂ ಹೇಳಲಿಲ್ಲ. ಊರಿನ ಪದ್ಧತಿ ಅಂತ ಗೊತ್ತು. ಆದ್ರೆ ಮೆಸೇಜಲ್ಲೂ ಹೇಳಲ್ಲ. ಫೋನಲ್ಲಿ ಹಿಂದಕ್ಕೆ ಹೋಗಿ ಅಮ್ಮಂಗೆ ಬಂದಿದ್ದ ಹಳೇ ಮೆಸೇಜೆಲ್ಲ ನೋಡ್ದೆ. ದನಿ ಹಾಕೋಕೆ ಧೈರ್ಯ ಬರ್ಲಿಲ್ಲ, ನೀವು ಬರೆದಿದ್ದ ಒಂದೆರಡು ಓದ್ದೆ. ಅಮ್ಮಂಗೆ ಅಷ್ಟರಲ್ಲೂ ಕೊನೇಲಿ ‘ಸರಿ ಕಣೇ, ಬರ್ತೀನಿ’ ಅಂತ ಇದೆ. ನನಗೆ ಒಂದು ಸಲಾನೂ ಇಲ್ಲ. ಅಮ್ಮನ ಹೆಸರೂ ಇಲ್ಲ. ಇಲ್ಲಿ ಯಾರೂ ಹೆಸರು ಎತ್ತಲ್ಲ. ನೀವೂ ಎತ್ತಲ್ಲ.”

ಇಸಕ್ಕಿ ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಕಾಪಾಡಬೇಕೆಂದು ನುಂಗಿಕೊಂಡ ಒಂದು ಮಾತು, ನೋಯಿಸಬಾರದೆಂದು ಬಿಟ್ಟ ಒಂದು ಹೆಸರು. ಎರಡೂ ಆ ಕಡೆ ತಲುಪುವ ಹೊತ್ತಿಗೆ ಬೆನ್ನು ತಿರುಗಿಸಿದ ಹಾಗೆ ಕಂಡಿದ್ದವು. ಈಗ ‘ಬರ್ತೀನಿ’ ಎಂದು ಬರೆದರೆ? ಅತ್ತೆಯ ಮಾತು ಕಿವಿಯಲ್ಲಿ ನಿಂತೇ ಇತ್ತು. ಆ ಮನೆಗೆ ಮತ್ತೊಂದು ಕೇಡು ತನ್ನ ಮಾತಿನಿಂದ ಬಂದರೆ?

“ಪೇಚ್ಚಿ, ಬರ್ತೀನಿ ಅಂತ ಬರೀಬಹುದಾ ಹೇಳೇ.”

“ನನ್ನ ಕೇಳ್ಬೇಡಕ್ಕಾ, ನನಗೆ ಹೆದರಿಕೆ.” ಪೇಚ್ಚಿ ಫೋನಿನ ಮೇಲಿದ್ದ ಪಟವನ್ನು ನೋಡಿದಳು. “ಮುತ್ತುಕನಿ ಇದ್ದಿದ್ರೆ ಏನಂತಿದ್ಲು?”

“ಅವಳಾ? ‘ನನ್ನ ಮಗಳು ಕಾಯ್ತಾ ಇದಾಳೆ, ನೀನು ಶಾಸ್ತ್ರ ನೋಡ್ತಾ ಕೂತಿದೀಯಾ’ ಅಂತ ಸಟ್ಟುಗ ಎತ್ತುತ್ತಿದ್ಲು.”

ಇಸಕ್ಕಿ ಊರ ದೇವಿಗೆ ಮನಸ್ಸಿನಲ್ಲೇ ಕೈ ಮುಗಿದಳು. ಆ ದೇವಿಯ ಹೆಸರೇ ಹುಡುಗಿಗೂ ಇದ್ದದ್ದು. ಕೇಡೇನಾದರೂ ಇದ್ದರೆ ನನ್ನ ತಲೆಗೆ ಹಾಕು ತಾಯೀ ಅಂದಳು. ಆಮೇಲೆ ನಿಧಾನವಾಗಿ, ಒಂದು ಅಕ್ಷರವೂ ತಪ್ಪದ ಹಾಗೆ ಒತ್ತಿದಳು.

“ತಪ್ಪು ನಂದು. ಹೆದರಿಕೊಂಡು ಹೇಳ್ಲಿಲ್ಲ. ನಿನ್ನ ಬಿಟ್ಟಿಲ್ಲ. ಇನ್ಮೇಲೆ ದಿನಾ ಸಂಜೆ ಆರು ಗಂಟೆಗೆ, ಕೆಲಸ ಬಿಟ್ಟ ಮೇಲೆ, ನನ್ನದೊಂದು ಮೆಸೇಜು ಬರತ್ತೆ. ನೀನು ಬರೆದ್ರೂ ಸರಿ, ಬರೀದಿದ್ರೂ ಸರಿ, ಓದದಿದ್ರೂ ಸರಿ. ಮುತ್ತುಕನಿ ಬಗ್ಗೆ ಕೇಳ್ಬೇಕು ಅನ್ಸಿದ್ರೆ ಕೇಳು, ಹೇಳ್ತೀನಿ. ಬೇಡ ಅನ್ಸಿದ ದಿನ ಬೇಡ ಅನ್ನು. ಸಂಜೆ ಬರ್ತೀನಿ.”

ಕಳಿಸಿದ ಮೇಲೆ ಆಚ್ಚಿಗೆ ಫೋನು ಮಾಡಿದಳು. ಹುಡುಗಿ ಒಪ್ಪಿದಷ್ಟನ್ನೇ ಹೇಳಿದಳು. ಜೊತೆಗೆ, ಅವಳು ಒಂದು ಮಾತು ಹೇಳುವವಳಿದ್ದಾಳೆ, ಈಗಲೇ ಪಕ್ಕದಲ್ಲಿ ಹೋಗಿ ಕೂತ್ಕೊಳ್ಳಿ, ಬಯ್ಯದೆ ಕೇಳಿ ಅಂದಳು. ಆಚ್ಚಿ ಆ ಕಡೆ ಮೂಗು ಸೀಟಿ ಅಂದರು, “ನಾನೂ ಅವಳ ಎದುರು ಅಳಬಾರದು ಅಂತ ಹಿತ್ತಲಿಗೆ ಹೋಗಿ ಅಳ್ತಿದ್ದೆ ತಾಯಿ. ಇನ್ಮೇಲೆ ಬೆಳಗ್ಗೆ ಅವಳು ಏಳೋ ಹೊತ್ತಿಗೆ ಪಕ್ಕದಲ್ಲೇ ಇರ್ತೀನಿ.” ಅರ್ಧ ಗಂಟೆ ಬಿಟ್ಟು ಹುಡುಗಿಯಿಂದ “ಹೇಳ್ದೆ” ಎಂದು ಬಂತು. ಮಧ್ಯಾಹ್ನ ನರ್ಸಮ್ಮನ ಮೂಲಕ ಆ ಊರಿನ ಕೇಂದ್ರಕ್ಕೂ ಸುದ್ದಿ ಹೋಯಿತು. ಅಲ್ಲಿಯವರು ಮಾರನೆಯ ದಿನವೇ ಮನೆಗೆ ಬಂದು ಹುಡುಗಿಯ ಜೊತೆ ಮಾತಾಡುವುದೆಂದಾಯಿತು. ಅದನ್ನೂ ಇಸಕ್ಕಿ ಶೆಂಬಗಳಿಗೆ ಮೊದಲೇ ತಿಳಿಸಿದಳು.

ಸಂಜೆ ಆರಕ್ಕೆ ಬರೆದಳು: “ಕೆಲಸ ಬಿಟ್ಟೆ. ಇವತ್ತು ಒಂದೇ ಬಾಣಲೆ ಆಗಿದ್ದು. ನಾಳೆ ಬರ್ತೀನಿ.” ನೀಲಿಯಾಯಿತು. ಉತ್ತರವಿಲ್ಲ. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಏಳಕ್ಕೆ ಆಚ್ಚಿಯೇ ಫೋನು ಮಾಡಿ, ಎದ್ದಳು, ಕಾಪಿ ಕುಡಿದಳು ಅಂದ ಮೇಲೆ ಚಾಪೆ ಸುತ್ತಿದಳು. ಅಂದೇ ಕೇಂದ್ರದವರೂ ಬಂದು ಹುಡುಗಿಯ ಜೊತೆ ಮಾತಾಡಿ ಹೋದರು. ಎರಡನೆಯ ದಿನ ಆರಕ್ಕೆ, ಮೂರನೆಯ ದಿನ ಆರಕ್ಕೆ. ಒಂದು ದಿನ ಮಳೆಗೆ ಕರೆಂಟು ಹೋಗಿ ಫೋನು ಸಾಯುವಂತಿತ್ತು. ಅಣ್ಣಾಚಿಯ ಮನೆಗೆ ಓಡಿ ಅವರ ಫೋನಿನಿಂದ ಕಳಿಸಿದಳು: “ಇದು ಇಸಕ್ಕಿ. ನನ್ನ ಫೋನು ಮಲಗಿದೆ, ನಾನು ಎದ್ದಿದೀನಿ. ನಾಳೆ ಬರ್ತೀನಿ.” ಆರು ಗಂಟೆ ಎಂದ ಮೇಲೆ ಆರು ಗಂಟೆ. ಹುಡುಗಿ ಕೊನೆಯ ಸಲ ಫೋನು ನೋಡಿದ ಹೊತ್ತನ್ನು ಹುಡುಕುವುದನ್ನು ಮಾತ್ರ ಹಟ ಹಿಡಿದು ಬಿಟ್ಟಳು. ಅದು ಬಾಗಿಲ ಸಂದಿಯಲ್ಲಿ ಇಣುಕಿದ ಹಾಗೆ ಅನ್ನಿಸಿತ್ತು.

ಏಳನೆಯ ದಿನ ಹುಡುಗಿ ಬರೆದಳು.

“ಅಮ್ಮನ ದನಿ ಇರೋದು ತುಂಬ ಇದೆ. ಯಾವುದನ್ನ ಮುಟ್ಟೋಕೂ ಭಯ. ಅಳು ಬರದೇ ಇರೋದು ಒಂದು ಹೇಳ್ತೀರಾ?”

ಇಸಕ್ಕಿ ಹಿತ್ತಲ ಕಲ್ಲಿನ ಮೇಲೆ ಕೂತು ಮುತ್ತುಕನಿಯ ದನಿಗಳನ್ನು ಒಂದೊಂದಾಗಿ ಕೇಳಿದಳು. ಒಂದರಲ್ಲಿ ಮೈ ಬಿಸಿ ಅಂದಿದ್ದಳು, ಅದು ಬೇಡ. ಒಂದರಲ್ಲಿ ಮಗಳ ಕಾಲೇಜಿನ ಆಸೆ ಹೇಳಿಕೊಂಡಿದ್ದಳು, ಈಗ ಬೇಡ. ಮೂವತ್ತೆಂಟು ಕೇಳಿದ ಮೇಲೆ ಒಂದು ಸಿಕ್ಕಿತು. ಅಳು ಬರುವುದಿಲ್ಲ ಎಂದು ಮಾತು ಕೊಡುವುದು ಅವಳಿಗೆ ಸಾಧ್ಯವಿರಲಿಲ್ಲ. ಕೊಡಲೂ ಇಲ್ಲ.

“ಜುಲೈ ಇಪ್ಪತ್ತನಾಲ್ಕನೇ ತಾರೀಖು ಕಳಿಸಿದ್ದು, ಇಪ್ಪತ್ತೆರಡು ಸೆಕೆಂಡು. ಹಸಿರು ಅಂಚಿನ ಕೈಬಟ್ಟೆ ಕಳೆದುಹೋಗಿದೆ ಅಂತ ನನ್ನ ಬೈತಾಳೆ. ಬಿಸಿ ತಟ್ಟೆ ಹಿಡಿಯೋ ಬಟ್ಟೆ. ಜೋರಾಗಿದಾಳೆ, ಕೊನೇಲಿ ನಗ್ತಾಳೆ. ಅಳು ಬರಲ್ಲ ಅಂತ ನಾನು ಹೇಳ್ಲಾರೆ, ನನಗೆ ಬಂತು. ಇವತ್ತೇ ಕೇಳ್ಬೇಕಿಲ್ಲ, ಯಾವತ್ತೂ ಕೇಳದಿದ್ರೂ ಸರಿ. ಅದು ಎಲ್ಲೂ ಹೋಗಲ್ಲ. ನಾಳೆ ಬರ್ತೀನಿ.”

ಮಾರನೆಯ ದಿನ ಕೆಲಸದಲ್ಲಿ ಅವಳು ಎರಡು ಸಲ ಬೆರಳು ಸುಟ್ಟುಕೊಂಡಳು. ಬೇಗ ಕೊಟ್ಟೆನೋ, ತಪ್ಪಾಯಿತೋ, ಹುಡುಗಿ ಒಬ್ಬಳೇ ಕೂತು ಕೇಳಿದಳೋ, ಎಲ್ಲಿ ಕೂತಳೋ. ಐದೂ ಮುಕ್ಕಾಲಿಗೆ, ಇವಳು ಬರೆಯುವ ಮೊದಲೇ, ಫೋನು ಬೆಳಗಿತು. ಪಟದಲ್ಲಿ ಅದೇ ಹಸಿರು ಸೀರೆ, ಅದೇ ಗದರಿಸಿ ನಿಲ್ಲಿಸಿದ ನಿಲುವು. ಹೆಸರನ್ನು ಬದಲಿಸಬೇಕೇ ಬೇಡವೇ ಎಂದು ಎಂದಾದರೂ ಹುಡುಗಿಯನ್ನೇ ಕೇಳಬೇಕು ಅಂದುಕೊಂಡು ಇಸಕ್ಕಿ ತೆರೆದಳು.

“ಸ್ಕೂಲಿಂದ ಬಂದೆ. ಆಚ್ಚಿ ಪಕ್ಕದಲ್ಲಿ ಕೂತ್ಕೊಂಡು ಕೇಳ್ದೆ. ಮೂರು ಸಲ. ಇಬ್ಬರೂ ಅತ್ವಿ. ಆಮೇಲೆ ಆಚ್ಚಿ ಕೇಳ್ತಿದಾರೆ, ಕೊನೆಗೆ ಆ ಬಟ್ಟೆ ಯಾರು ತಗೊಂಡಿದ್ದು?”

ಇಸಕ್ಕಿ ತನ್ನ ಕೈ ನೋಡಿಕೊಂಡಳು. ಬಾಣಲೆ ಇಳಿಸಲು ಹಿಡಿದಿದ್ದ ಬಟ್ಟೆ ಅದೇ. ಮಸಿ ಹಿಡಿದಿತ್ತು, ಅಂಚಿನ ಹಸಿರು ಇನ್ನೂ ಕಾಣುತ್ತಿತ್ತು.

“ನಾನೇ ಕಣೇ,” ಎಂದು ಒತ್ತಿದಳು. “ಅವಳಿಗೆ ಹೇಳಲೇ ಇಲ್ಲ. ನಿನಗೆ ಬೇಕಾ, ಇಲ್ಲೇ ಇಟ್ಟಿರ್ಲಾ? ನಾಳೆ ಬರ್ತೀನಿ.”

‘ಬರೆಯುತ್ತಿದ್ದಾರೆ’ ಎಂದು ಬಂತು. ಇಸಕ್ಕಿ ಒಲೆಯ ಕಡೆ ತಿರುಗಿದಳು. ಪಾಕ ಏರುತ್ತಿತ್ತು. ಹುಡುಗಿ ನಿಧಾನವಾಗಿ ಬರೆಯಲಿ.